ಸಣ್ಣ ತಪ್ಪಿಗೆ ‘ಊಪ್ಸ್’ ಸಾಕೇ?

ಪರ

ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಮರುದಿನದ ಸಭೆಯ ಸಮಯವನ್ನು ಹನ್ನೊಂದೂವರೆಯ ಬದಲು ಹತ್ತೂವರೆ ಎಂದು ಬರೆದುಬಿಟ್ಟಿದ್ದೆ. ಎರಡೇ ನಿಮಿಷದಲ್ಲಿ ಗಮನಕ್ಕೆ ಬಂದದ್ದರಿಂದ ‘ಊಪ್ಸ್, 11:30’ ಎಂದು ತಿದ್ದಿದೆ. ‘ದಯವಿಟ್ಟು ಎಲ್ಲರೂ ಕ್ಷಮಿಸಬೇಕು’ ಎಂದು ಬರೆದಿದ್ದರೆ ಎಂಟು ಮಂದಿ ‘ಪರವಾಗಿಲ್ಲ’ ಎಂದು ಉತ್ತರಿಸಬೇಕಾಗುತ್ತಿತ್ತು, ತಿದ್ದಿದ ಸಮಯ ಆ ಉತ್ತರಗಳ ನಡುವೆ ಕಣ್ಮರೆಯಾಗುತ್ತಿತ್ತು. ‘ಕ್ಷಮಿಸಿ’ ಎಂಬುದು ಎದುರಿನವರಿಂದ ಏನನ್ನೋ ಬೇಡುವ ಮಾತು. ಅದರ ಮೂಲವಾದ ಸಂಸ್ಕೃತದ ‘ಕ್ಷಮ್’ ಧಾತುವಿಗೆ ಸೈರಿಸು, ತಾಳಿಕೊ ಎಂಬ ಅರ್ಥವಿರುವುದರಿಂದ, ತಾಳಿಕೊಳ್ಳುವಂಥದ್ದೇನೂ ನಡೆಯದ ಕಡೆ ಅದನ್ನು ಆಡಿದರೆ ನಾಟಕದ ಸಂಭಾಷಣೆಯಂತೆ ಕೇಳಿಸುತ್ತದೆ.

‘ಮೈ ಬ್ಯಾಡ್’ ಎಂಬುದು 1980ರ ದಶಕದ ಹೊತ್ತಿಗೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಅಂಗಳಗಳಲ್ಲಿ ಓಡಾಡುತ್ತಿದ್ದ ಮಾತು. ಚೆಂಡನ್ನು ತಪ್ಪು ಕಡೆಗೆ ಎಸೆದವನು ಆಟ ನಿಲ್ಲಿಸದೆಯೇ ತಪ್ಪು ತನ್ನದೆಂದು ಒಪ್ಪಿಕೊಳ್ಳಲು ಅದು ಸಾಕಾಗುತ್ತಿತ್ತು. ನಮ್ಮ ‘ತಪ್ಪಾಯಿತು’ ಎಂಬಲ್ಲಿ ಮಾಡಿದವನೇ ಕಾಣುವುದಿಲ್ಲ, ತಪ್ಪು ತಾನಾಗಿಯೇ ಆಗಿಬಿಡುತ್ತದೆ. ಅಷ್ಟರ ಮಟ್ಟಿಗೆ ಹಗುರವಾದ ಮಾತೇ ಹೆಚ್ಚು ಪ್ರಾಮಾಣಿಕ.

ವಿರೋಧ

ಎರಡು ನಿಮಿಷದಲ್ಲಿ ತಿದ್ದಿದ್ದಕ್ಕೆ ‘ಊಪ್ಸ್’ ಸರಿಹೋಯಿತು, ಒಪ್ಪೋಣ. ಅದೇ ತಿದ್ದುಪಡಿ ಮರುದಿನ ಬೆಳಿಗ್ಗೆ ಬಂದಿದ್ದು, ಅಷ್ಟರಲ್ಲಿ ಹಿರಿಯ ಸಲಹೆಗಾರರೊಬ್ಬರು ತುಮಕೂರಿನಲ್ಲಿ ತಿಂಡಿಯನ್ನೂ ತಿನ್ನದೆ ರೈಲು ಹತ್ತಿದ್ದರೆ? ತಪ್ಪು ಅದೇ ಒಂದು ಅಂಕಿಯದು, ಆದರೆ ಅದು ಸಣ್ಣದೋ ದೊಡ್ಡದೋ ಎಂದು ಹೇಳಬೇಕಾದವರು ಬರೆದವರಲ್ಲ, ಬೆಂಗಳೂರಿನಲ್ಲಿ ಒಂದು ಗಂಟೆ ಕಾದು ಕುಳಿತವರು. ‘ಊಪ್ಸ್’ ಆ ತೀರ್ಪನ್ನು ತಾನೇ ಕೊಟ್ಟು ಮುಗಿಸಿಬಿಡುತ್ತದೆ ಎಂಬುದೇ ನನ್ನ ತಕರಾರು.

‘ತಪ್ಪಾಯಿತು’ ಎಂಬುದರಲ್ಲಿ ಮಾಡಿದವನಿಲ್ಲ ಎಂಬ ವಾದವೂ ಅರ್ಧ ಮಾತ್ರ ನಿಜ, ಏಕೆಂದರೆ ಮನಸ್ಸಿಟ್ಟು ಹೇಳುವವರು ‘ನನ್ನಿಂದ ತಪ್ಪಾಯಿತು’ ಎನ್ನುತ್ತಾರೆ, ಆ ‘ನನ್ನಿಂದ’ದಲ್ಲಿ ಅವನು ಬಂದು ನಿಲ್ಲುತ್ತಾನೆ. ಕನ್ನಡದಲ್ಲಿ ಇರುವುದೆಲ್ಲ ಭಾರದ ಮಾತುಗಳೇ ಎಂಬುದಂತೂ ನಮ್ಮ ಮರೆವು. ಕಣ್ತಪ್ಪು, ಬಾಯ್ತಪ್ಪು ಎಂದು ಯಾವ ಅಂಗ ಎಡವಿತೆಂಬುದನ್ನೂ ನಾವು ಬೇರೆಬೇರೆ ಹೆಸರಿಟ್ಟು ಹೇಳುತ್ತೇವೆ. ಬಸ್ಸಿನಲ್ಲಿ ಪಕ್ಕದವರಿಗೆ ಕಾಲು ತಗುಲಿದರೆ ಅವರನ್ನು ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಅದಕ್ಕೆ ಹಿಡಿಯುವುದು ಒಂದು ಕ್ಷಣ, ಮಾತೇ ಬೇಕಿಲ್ಲ, ಆದರೂ ಅದು ನಮ್ಮತ್ತ ಅಲ್ಲ, ಅವರತ್ತ ತಿರುಗಿದ ಕ್ರಿಯೆ. (ಚಪ್ಪಲಿ ತಗುಲಿದಾಗ ಬರೀ ‘ಸಾರಿ’ ಎಂದು ಫೋನಿಗೆ ಮರಳುವವರನ್ನೂ ನಾನು ದಿನಾ ನೋಡುತ್ತೇನೆ.)

ಆ ಸಲಹೆಗಾರರಿಗೆ ‘ಕ್ಷಮಾಪಣೆ’ಯ ಪತ್ರವೂ ಬೇಕಾಗಿಲ್ಲ. ಎದ್ದು ನಿಂತು ‘ಅಯ್ಯೋ, ನನ್ನ ಕಣ್ತಪ್ಪಿನಿಂದ ನಿಮಗೆ ತೊಂದರೆ ಆಯ್ತು ಸಾರ್, ಬೇಜಾರು ಮಾಡ್ಕೋಬೇಡಿ, ಮೊದಲು ತಿಂಡಿಗೆ ಹೋಗೋಣ ಬನ್ನಿ’ ಎಂದರೆ, ಅವರು ಚೀಲವನ್ನು ಕುರ್ಚಿಯ ಮೇಲಿಟ್ಟು ‘ಇರಲಿ ಬಿಡಪ್ಪ’ ಎಂದಾರು.