ಬಿಲ್ ಹಾಕುವಾಗ ಪ್ರತಿ ಸಲ ಬ್ಯಾಚ್ ನೋಡಲೇಬೇಕೇ?

ಪರ: ನೋಡಲೇಬೇಕು

ಒಟ್ಟು ಸ್ಟಾಕ್ ಸರಿಯಿದ್ದರೆ ಸಾಕು ಅಂತ ಬಹಳ ಮೆಡಿಕಲ್ ಶಾಪ್‌ನವರು ನೆಮ್ಮದಿಯಾಗಿರುತ್ತಾರೆ. ನನಗೆ ಭಯ ಇರುವುದೇ ಅಲ್ಲಿ.

ಪ್ಯಾರಾಸಿಟಮಾಲ್ 650 ಎರಡು ಬ್ಯಾಚ್ ಇದೆ ಅಂದುಕೊಳ್ಳಿ. ಹಳೆಯದು 3 ಸ್ಟ್ರಿಪ್, ಮಾರ್ಚ್‌ಗೆ ಎಕ್ಸ್‌ಪೈರಿ. ಹೊಸದು 20 ಸ್ಟ್ರಿಪ್, ಡಿಸೆಂಬರ್‌ಗೆ. ಗಿರಾಕಿ 3 ಸ್ಟ್ರಿಪ್ ಕೇಳಿದರು. ಸಾಫ್ಟ್‌ವೇರ್ ತಾನಾಗಿ ಹಳೆಯ ಬ್ಯಾಚ್ ತೋರಿಸಿತು, ಹುಡುಗ ಎಂಟರ್ ಒತ್ತಿದ. ಕೈಗೆ ಸಿಕ್ಕಿದ್ದು ಮಾತ್ರ ಹೊಸದು. ಈಗ ಕಂಪ್ಯೂಟರ್‌ನಲ್ಲಿ ಹಳೆಯದು 0, ಹೊಸದು 20. ರ‍್ಯಾಕ್‌ನಲ್ಲಿ ಹಳೆಯದು 3, ಹೊಸದು 17. ಎರಡೂ ಕಡೆ ಒಟ್ಟು 20! ಎಣಿಸಿದವರಿಗೂ ತಪ್ಪು ಕಾಣುವುದಿಲ್ಲ. ಮಾರ್ಚ್‌ನಲ್ಲಿ ಎಕ್ಸ್‌ಪೈರಿ ಪಟ್ಟಿ ತೆಗೆದರೆ ಆ 3 ಸ್ಟ್ರಿಪ್ ಅದರಲ್ಲಿ ಇರುವುದೇ ಇಲ್ಲ. ಅವು ರ‍್ಯಾಕ್‌ನಲ್ಲೇ ಉಳಿದು, ಮುಂದೊಂದು ದಿನ ಯಾರದೋ ಮನೆಗೆ ಹೋಗಬಹುದು.

ಬೆಲೆಯದ್ದೂ ಇದೇ ಕಥೆ. 2025ರ ಸೆಪ್ಟೆಂಬರ್ 22ರಿಂದ ಬಹುಪಾಲು ಔಷಧಿಗಳ ಜಿಎಸ್‌ಟಿ 12%ರಿಂದ 5%ಕ್ಕೆ ಇಳಿಯಿತು. ಆಮೇಲೆ ಒಂದೇ ಮಾತ್ರೆಯ ಎರಡು ಬ್ಯಾಚ್‌ಗೆ ಎರಡು ಎಂಆರ್‌ಪಿ ಇರುವುದನ್ನು ಕೌಂಟರ್‌ನಲ್ಲಿ ಕಂಡಿದ್ದೇವೆ. ಬ್ಯಾಚ್ ತಪ್ಪಿದರೆ, ಸ್ಟ್ರಿಪ್ ಮೇಲೆ ಅಚ್ಚಾದ ಬೆಲೆಗಿಂತ ಜಾಸ್ತಿ ವಸೂಲಿ ಮಾಡಿದ ಹಾಗಾಗಬಹುದು. ಸ್ಟ್ರಿಪ್ ತಿರುಗಿಸಿ ಬ್ಯಾಚ್‌ನ ಕೊನೆಯ ನಾಲ್ಕು ಅಕ್ಷರ ನೋಡಿದರೆ ಸಾಕು, ಅಷ್ಟು ಹೊತ್ತು ನಮಗಿಲ್ವಾ?

ವಿರೋಧ: ಆ ಕೆಲಸ ಮೊದಲೇ ಆಗಿರಬೇಕು

ಸಂಜೆ ಏಳಕ್ಕೆ ಎಂಟು ಜನ ನಿಂತಿರುವಾಗ ಒಬ್ಬನೇ ಹುಡುಗ ಪ್ರತಿ ಸ್ಟ್ರಿಪ್ ತಿರುಗಿಸಿ ನೋಡುವುದಿಲ್ಲ. ಬ್ಯಾಚ್ ಕೇಳುವ ಕಿಟಕಿ ಬಂದರೆ ಮೊದಲ ಸಾಲಿಗೇ ಎಂಟರ್ ಒತ್ತುತ್ತಾನೆ. ಆ ನಿಯಮದಿಂದ ಏನೂ ಸಿಗುವುದಿಲ್ಲ.

ಅದರ ಬದಲು ಕೌಂಟರ್ ರ‍್ಯಾಕ್‌ನಲ್ಲಿ ಒಂದು ಔಷಧಿಗೆ ಒಂದೇ ಬ್ಯಾಚ್ ಇಡಿ, ಬೇಗ ಎಕ್ಸ್‌ಪೈರಿ ಆಗುವುದು. ಉಳಿದದ್ದು ಹಿಂದಿನ ಪೆಟ್ಟಿಗೆಯಲ್ಲಿರಲಿ. ಆಗ ಸಾಫ್ಟ್‌ವೇರ್ ತೆಗೆಯುವ ಬ್ಯಾಚ್ ಮತ್ತು ಕೈಗೆ ಸಿಗುವ ಬ್ಯಾಚ್ ಒಂದೇ ಆಗುತ್ತದೆ. ಎಂಆರ್‌ಪಿ ಬೇರೆಯಾಗಿದ್ದರೆ ಮಾತ್ರ ತಿರುಗಿಸಿ ನೋಡಲಿ.

ನಾನು ಕಂಡ ಹಾಗೆ ದೊಡ್ಡ ತಪ್ಪುಗಳು ಖರೀದಿ ಎಂಟ್ರಿಯಲ್ಲೇ ಆಗುತ್ತವೆ. ಡಿಸ್ಟ್ರಿಬ್ಯೂಟರ್ ಟ್ಯಾಕ್ಸ್ ಇನ್‌ವಾಯ್ಸ್‌ನಲ್ಲಿ 10+1 ಇರುತ್ತದೆ. ಹತ್ತನ್ನು ಕ್ವಾಂಟಿಟಿಯಲ್ಲಿ, ಒಂದನ್ನು ಫ್ರೀ ಕಾಲಂನಲ್ಲಿ ಹಾಕಬೇಕು. ಹನ್ನೊಂದೂ ಕ್ವಾಂಟಿಟಿಗೆ ಹೋದರೆ ಖರೀದಿ ಮೊತ್ತವೂ ತೆರಿಗೆಯೂ ಇನ್‌ವಾಯ್ಸ್‌ಗಿಂತ ಜಾಸ್ತಿ ಬರುತ್ತದೆ. ಫ್ರೀ ಬಿಟ್ಟರೆ ರ‍್ಯಾಕ್‌ನಲ್ಲಿ ಒಂದು ಹೆಚ್ಚು ಕೂರುತ್ತದೆ. 15 ಮಾತ್ರೆಯ ಸ್ಟ್ರಿಪ್ ಅನ್ನು 10 ಅಂತ ಹಾಕಿದರಂತೂ 20 ಸ್ಟ್ರಿಪ್‌ಗೆ 100 ಮಾತ್ರೆ ವ್ಯತ್ಯಾಸ. ಬಿಡಿ ಮಾರುತ್ತಾ ಹೋದಂತೆ ಸ್ಟಾಕ್ ಮೈನಸ್‌ಗೆ ಇಳಿಯುತ್ತದೆ. ಮೈನಸ್ ಕಂಡರೆ ಸುಮ್ನೆ ಸ್ಟಾಕ್ ತಿದ್ದಬೇಡಿ, ಆ ಔಷಧಿಯ ಕೊನೆಯ ಇನ್‌ವಾಯ್ಸ್ ತೆಗೆದು ಪ್ಯಾಕ್ ನೋಡಿ.

ಮಾಲು ಬಂದ ದಿನ ಪೆಟ್ಟಿಗೆ ಎದುರಿಟ್ಟುಕೊಂಡು ಎಂಟ್ರಿ ಮಾಡುವ ಅರ್ಧ ಗಂಟೆಯನ್ನು ಯಾರೂ ಉಳಿಸಲು ಹೋಗಬಾರದು. ಅಲ್ಲಿ ಬಿಟ್ಟುಹೋದ ಹನ್ನೊಂದನೇ ಸ್ಟ್ರಿಪ್ ಕೌಂಟರ್‌ನಲ್ಲಿ ಎಷ್ಟೇ ಬ್ಯಾಚ್ ನೋಡಿದರೂ ಲೆಕ್ಕಕ್ಕೆ ಸೇರುವುದಿಲ್ಲ.