ಹಳೇ ಅಕೌಂಟ್ ಮುಚ್ಚೋದು ಆಮೇಲೆ, ಮೊದಲು ಪಟ್ಟಿ

"ಬಳಸದ ಅಕೌಂಟ್‌ಗಳನ್ನೆಲ್ಲ ಡಿಲೀಟ್ ಮಾಡಿಬಿಡಿ" ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಯಾವ್ಯಾವುದು ಇದೆ ಅಂತ ಗೊತ್ತಿದ್ದರೆ ತಾನೇ ಡಿಲೀಟ್ ಮಾಡೋದು? ಹದಿನೈದು ವರ್ಷದಿಂದ ಇಂಟರ್ನೆಟ್ ಬಳಸುವವರು ಎಲ್ಲೆಲ್ಲಿ ಹೆಸರು ಬರೆಸಿದ್ದೇವೆ ಅಂತ ನೆನಪಿನಿಂದ ಹೇಳೋಕೆ ಸಾಧ್ಯವೇ ಇಲ್ಲ. ಇನ್ನೊಂದು ಮಾತು. ಹುಡುಕುತ್ತಾ ಸಿಕ್ಕಿದ್ದನ್ನು ಅಲ್ಲಲ್ಲೇ ಮುಚ್ಚುತ್ತಾ ಹೋಗೋದು ನನಗೆ ಒಪ್ಪಿಗೆಯಿಲ್ಲ. ಪಟ್ಟಿ ಪೂರ್ತಿಯಾಗುವ ತನಕ ಯಾವುದನ್ನೂ ಮುಟ್ಟಬಾರದು. ಕಾರಣ ಮುಂದೆ ಹೇಳ್ತೀನಿ.

ಹುಡುಕಾಟ ಶುರುವಾಗಬೇಕಾದದ್ದು ಮೇಲ್‌ನಿಂದ. ಅಕೌಂಟ್ ತೆರೆದಾಗ ಒಂದು ಸ್ವಾಗತದ ಮೇಲೋ ವೆರಿಫಿಕೇಶನ್ ಮೇಲೋ ಬಂದೇ ಬಂದಿರುತ್ತೆ. ಜಿಮೇಲ್ ಆದರೆ ಸರ್ಚ್ ಬಾಕ್ಸಿನಲ್ಲಿ ಹೀಗೆ ಹಾಕಿ:

```
before:2015/01/01 subject:(welcome OR verify OR confirm OR activate)
```

ಮೊದಲ ಸಲ ರಾಶಿ ರಾಶಿ ಬರುತ್ತೆ, ಹೆದರಬೇಡಿ. ಅದರಲ್ಲಿ ಗೊತ್ತಿರುವ ದೊಡ್ಡ ಸೈಟುಗಳದ್ದೇ ಜಾಸ್ತಿ. ಅವನ್ನು ಪಟ್ಟಿಗೆ ಬರೆದುಕೊಂಡು ಸರ್ಚ್‌ನಿಂದ ಕಳೆದುಬಿಡಿ:

```
before:2015/01/01 subject:(welcome OR verify OR confirm OR activate) -from:facebookmail.com -from:linkedin.com
```

ಹೀಗೆ ಒಂದೊಂದನ್ನೇ ಬರೆದುಕೊಳ್ಳೋದು, ಕಳೆಯೋದು. ದೊಡ್ಡವು ಹೋದಂತೆ, ನೀವು ಮರೆತೇ ಬಿಟ್ಟಿದ್ದ ಪುಟ್ಟ ಸೈಟುಗಳು ಮೇಲೆ ಬರುತ್ತವೆ. ಏನೂ ಉಳಿಯದಿದ್ದಾಗ ತಾರೀಖು ಮುಂದೆ ತಳ್ಳಿ.

ಆದರೆ ಸ್ವಾಗತದ ಮೇಲ್‌ಗಳನ್ನು ಎಷ್ಟೋ ಜನ ಆಗಲೇ ಅಳಿಸಿರುತ್ತಾರೆ. ಅದಕ್ಕೆ ನನಗೆ ತುಂಬಾ ಇಷ್ಟವಾದ ಉಪಾಯ ಒಂದಿದೆ. ಜನರ ಖಾಸಗಿ ಮಾಹಿತಿ ಕಾಪಾಡುವ ಯುರೋಪಿನ ಜಿಡಿಪಿಆರ್ ಕಾನೂನು ಜಾರಿಗೆ ಬಂದದ್ದು 2018ರ ಮೇ 25ಕ್ಕೆ. ಆ ದಿನದ ಆಸುಪಾಸಿನಲ್ಲಿ ಜಗತ್ತಿನ ಮೂಲೆಮೂಲೆಯ ಕಂಪನಿಗಳು "ನಮ್ಮ ಪ್ರೈವೆಸಿ ಪಾಲಿಸಿ ಬದಲಾಗಿದೆ" ಅಂತ ತಮ್ಮಲ್ಲಿದ್ದ ಹಳೇ ವಿಳಾಸಗಳಿಗೆಲ್ಲ ಮೇಲ್ ಕಳಿಸಿದವು. ಯಾರೂ ಅದನ್ನು ಓದಲಿಲ್ಲ. ಓದದ್ದರಿಂದಲೇ ಎಷ್ಟೋ ಜನರ ಇನ್‌ಬಾಕ್ಸಿನಲ್ಲಿ ಹಾಗೇ ಕೂತಿದೆ.

```
after:2018/05/01 before:2018/06/15 "privacy policy"
```

ಆ ಒಂದೂವರೆ ತಿಂಗಳಲ್ಲಿ ಯಾರ್ಯಾರು ಬರೆದಿದ್ದಾರೋ, ಅವರಲ್ಲಿ ಬಹಳ ಜನರ ಹತ್ತಿರ ಆಗ ನಿಮ್ಮ ಅಕೌಂಟ್ ಇತ್ತು ಅಂತಲೇ ಅರ್ಥ. ಕೆಲವರು ಬರೀ ನ್ಯೂಸ್‌ಲೆಟರ್‌ನವರು. ಅವರನ್ನು ಬಿಟ್ಟರಾಯಿತು.

ಇನ್ನು ಪಾಸ್‌ವರ್ಡ್ ಮ್ಯಾನೇಜರ್. ಮೇಲ್ ಕಾಣಿಸದ್ದನ್ನು ಇದು ಕಾಣಿಸುತ್ತೆ, ಇದು ಕಾಣಿಸದ್ದನ್ನು ಮೇಲ್ ಕಾಣಿಸುತ್ತೆ. ಫೈರ್‌ಫಾಕ್ಸ್‌ನಲ್ಲಿ `about:logins`, ಕ್ರೋಮ್‌ನಲ್ಲಿ `chrome://password-manager/passwords` ಅಂತ ಟೈಪ್ ಮಾಡಿದರೆ ಉಳಿಸಿಟ್ಟದ್ದೆಲ್ಲ ತೆರೆದುಕೊಳ್ಳುತ್ತೆ. ಫೈರ್‌ಫಾಕ್ಸ್ ಪ್ರತಿ ಲಾಗಿನ್ ಕೆಳಗೆ ಅದು ಯಾವಾಗ ಸೇರಿದ್ದು, ಕೊನೆಯ ಸಲ ಯಾವಾಗ ಬಳಸಿದ್ದು ಅಂತ ತಾರೀಖು ತೋರಿಸುತ್ತೆ. ಎರಡೂ ತಾರೀಖು ಅಕ್ಕಪಕ್ಕದಲ್ಲೇ ಇದ್ದರೆ, ಅದು ಒಮ್ಮೆ ತೆರೆದು ಮರೆತದ್ದು. ಮೊದಲು ಅಂಥವನ್ನು ಬರೆದುಕೊಳ್ಳಿ.

ಬಹಳ ಜನ ನೋಡದ ಜಾಗ ಇನ್ನೊಂದಿದೆ. "ಈ ಸೈಟಿನ ಪಾಸ್‌ವರ್ಡ್ ಉಳಿಸಬೇಡ" ಅಂತ ನಾವು ಒತ್ತಿದ ಸೈಟುಗಳ ಪಟ್ಟಿಯನ್ನೂ ಬ್ರೌಸರ್ ಇಟ್ಟುಕೊಂಡಿರುತ್ತೆ. ಪಾಸ್‌ವರ್ಡ್ ಸೆಟ್ಟಿಂಗ್ಸ್ ಒಳಗೇ ಇರುತ್ತೆ, ಹುಡುಕಿ. ಬೇರೆಯವರಿಗೆ ಗೊತ್ತಾಗಬಾರದು ಅಂತ ತೆರೆದ ಅಕೌಂಟ್‌ಗಳೇ ಅಲ್ಲಿ ಸಾಲಾಗಿ ಕೂತಿರುತ್ತವೆ ಅನ್ನೋದು ತಮಾಷೆ.

ಗೂಗಲ್ ಬಟನ್ ಒತ್ತಿ ಒಳಗೆ ಹೋದ ಸೈಟುಗಳಿಗೆ ಪಾಸ್‌ವರ್ಡೇ ಇರಲ್ಲ, ಹಾಗಾಗಿ ಮ್ಯಾನೇಜರ್‌ನಲ್ಲೂ ಸಿಗಲ್ಲ. ಅವಕ್ಕೆ `myaccount.google.com/connections` ನೋಡಬೇಕು. ಫೇಸ್‌ಬುಕ್ ಮೂಲಕ ಹೋದವು ಫೇಸ್‌ಬುಕ್ ಸೆಟ್ಟಿಂಗ್ಸ್‌ನ `Apps and websites` ಒಳಗಿರುತ್ತವೆ. ಅಲ್ಲಿ ಕಂಡ ತಕ್ಷಣ ತೆಗೆದುಹಾಕುವ ಆಸೆ ಆಗುತ್ತೆ. ಬೇಡ. ಅಲ್ಲಿ ತೆಗೆದರೆ ಸಂಪರ್ಕ ಮಾತ್ರ ಕಡಿಯುತ್ತೆ. ಆ ಸೈಟಿನಲ್ಲಿರುವ ನಿಮ್ಮ ಅಕೌಂಟ್, ಫೋಟೋ, ಕಾಮೆಂಟು ಎಲ್ಲ ಅಲ್ಲೇ ಇರುತ್ತೆ. ಅಲ್ಲೊಂದು ಅಕೌಂಟ್ ಇದೆ ಅನ್ನೋ ಗುರುತನ್ನು ನಾವೇ ಅಳಿಸಿಕೊಂಡಂತೆ.

ನನ್ನದೇ ಒಂದು ಉದಾಹರಣೆ. ಮ್ಯಾನೇಜರ್‌ನಲ್ಲಿ ಒಂದು ಫೋಟೋ ಹಂಚುವ ಸೈಟಿನ ಲಾಗಿನ್ ಸಿಕ್ಕಿತು. ಯೂಸರ್‌ನೇಮ್ ಜಾಗದಲ್ಲಿ ಇಮೇಲ್ ಇರಲಿಲ್ಲ, ಕಾಲೇಜು ಕಾಲದ ಅಡ್ಡಹೆಸರೊಂದಿತ್ತು. ಜಿಮೇಲ್‌ನಲ್ಲಿ ಆ ಸೈಟಿನ ಹೆಸರು ಹಾಕಿ ಹುಡುಕಿದರೆ ಒಂದೂ ಮೇಲ್ ಇಲ್ಲ. ಹಾಗಾದರೆ ಬೇರೆ ವಿಳಾಸದಿಂದ ತೆರೆದದ್ದು ಅಂತಾಯಿತು. ಉಳಿಸಿಟ್ಟ ಪಾಸ್‌ವರ್ಡ್ ಹಾಕಿದೆ, ತಗೊಳ್ಳಲಿಲ್ಲ. ಪಾಸ್‌ವರ್ಡ್ ಮರೆತಿದ್ದೇನೆ ಅಂತ ಒತ್ತಿದರೆ, "ಈ ಹೆಸರಿನಲ್ಲಿ ಅಕೌಂಟ್ ಇದ್ದರೆ ಮೇಲ್ ಕಳಿಸಿದ್ದೇವೆ" ಅಂತು. ಈ ಮಾತನ್ನು ನಂಬಬೇಡಿ. ಅಕೌಂಟ್ ಇರಲಿ ಇಲ್ಲದಿರಲಿ, ಬಹಳ ಸೈಟುಗಳು ಹಾಗೇ ಹೇಳುತ್ತವೆ. ಯಾರದು ಇದೆ, ಯಾರದು ಇಲ್ಲ ಅನ್ನೋದು ಹೊರಗಿನವರಿಗೆ ತಿಳಿಯಬಾರದು ಅಂತ. ಮೇಲ್ ಬಂದರೆ ಮಾತ್ರ ಸಾಕ್ಷಿ. ನನ್ನ ಜಿಮೇಲ್‌ಗೆ ಬರಲಿಲ್ಲ. ಹಳೇ ಯಾಹೂ ಮೇಲ್‌ನ ಸ್ಪ್ಯಾಮ್‌ನಲ್ಲಿ ಬಂದು ಕೂತಿತ್ತು.

ಅಂದರೆ ಆ ಅಕೌಂಟ್‌ಗೆ ಜೀವ ಇದೆ, ಆದರೆ ಯಾಹೂ ಮೇಲ್ ಅನ್ನು ನಂಬಿಕೊಂಡಿದೆ. ಯಾಹೂ ಹನ್ನೆರಡು ತಿಂಗಳು ಯಾರೂ ತೆರೆಯದ ಮೇಲ್‌ಬಾಕ್ಸನ್ನು ಮುಚ್ಚಬಹುದು. ಗೂಗಲ್ ಕೂಡ ಎರಡು ವರ್ಷ ಸುಮ್ನಿದ್ದ ವೈಯಕ್ತಿಕ ಅಕೌಂಟ್‌ಗಳನ್ನು ತೆಗೆಯಬಹುದು. ನಾನು ಆಗೊಮ್ಮೆ ಈಗೊಮ್ಮೆ ಇಣುಕುತ್ತಿದ್ದದ್ದರಿಂದ ನನ್ನ ಯಾಹೂ ಉಳಿದಿತ್ತು. "ಇದನ್ನು ಬಳಸೋದೇ ಇಲ್ಲ" ಅಂತ ಆ ಮೇಲನ್ನೇ ಮೊದಲು ಮುಚ್ಚಿದ್ದರೆ, ಫೋಟೋ ಸೈಟಿಗೆ ಹೋಗುವ ದಾರಿ ಶಾಶ್ವತವಾಗಿ ಹೋಗುತ್ತಿತ್ತು, ಫೋಟೋಗಳು ಮಾತ್ರ ಜಗತ್ತಿಗೆ ಕಾಣುತ್ತಲೇ ಇರುತ್ತಿದ್ದವು. ಪಟ್ಟಿ ಮೊದಲು ಅಂತ ನಾನು ಹಠ ಹಿಡಿಯೋದು ಇದಕ್ಕೇ.

ಪಟ್ಟಿಗೆ ಸುಮ್ನೆ ಒಂದು ಸ್ಪ್ರೆಡ್‌ಶೀಟ್ ಸಾಕು. ಸೈಟಿನ ಹೆಸರು, ಯಾವ ಇಮೇಲ್ ಅಥವಾ ಯೂಸರ್‌ನೇಮ್, ಒಳಗೆ ಹೋಗೋದು ಹೇಗೆ, ಕೊನೆಯ ಮೇಲ್ ಬಂದ ವರ್ಷ, ಒಳಗೆ ಏನಿದೆ. ಇವಕ್ಕಿಂತ ಮುಖ್ಯವಾದ ಕಾಲಂ ಒಂದಿದೆ: ಇದನ್ನು ನಂಬಿಕೊಂಡಿರುವ ಬೇರೆ ಅಕೌಂಟ್ ಯಾವುದು? ಪಾಸ್‌ವರ್ಡ್‌ಗಳನ್ನು ಮಾತ್ರ ಅದರಲ್ಲಿ ಬರೆಯಬೇಡಿ. ಮ್ಯಾನೇಜರ್‌ನಿಂದ ಸಿಎಸ್‌ವಿ ಫೈಲ್ ಎಕ್ಸ್‌ಪೋರ್ಟ್ ಮಾಡಿ ಕೆಲಸ ಸುಲಭ ಮಾಡಿಕೊಳ್ಳಬಹುದು ನಿಜ, ಆದರೆ ಅದರಲ್ಲಿ ಎಲ್ಲ ಪಾಸ್‌ವರ್ಡೂ ಯಾರು ಬೇಕಾದರೂ ಓದುವ ಹಾಗೆ ಇರುತ್ತೆ. ಹೆಸರುಗಳನ್ನು ನಕಲು ಮಾಡಿಕೊಂಡ ಕೂಡಲೇ ಅಳಿಸಿ, ಟ್ರ್ಯಾಶ್‌ನಿಂದಲೂ ತೆಗೆಯಿರಿ.

ಕೆಲವು ಸಾಲುಗಳಿಗೆ ಜಾಸ್ತಿ ಹೊತ್ತು ಬೇಡ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು, ಗೂಗಲ್ ಪ್ಲಸ್ 2019ರ ಏಪ್ರಿಲ್ 2ಕ್ಕೆ. ಮೇಲ್‌ನಲ್ಲಿ ಅವುಗಳ ನೋಟಿಫಿಕೇಶನ್ ಎಷ್ಟೇ ಇದ್ದರೂ "ಸೈಟೇ ಇಲ್ಲ" ಅಂತ ಬರೆದು ಮುಂದೆ ಹೋಗಿ.

ಹೆಸರು ಕೇಳದ ಪುಟ್ಟ ಸೈಟುಗಳ ವಿಷಯದಲ್ಲಿ ಮಾತ್ರ ಹುಷಾರು. ಕಂಪನಿ ಮುಚ್ಚಿದ ಮೇಲೆ ಅದರ ಡೊಮೇನನ್ನು ಬೇರೆ ಯಾರೋ ಕೊಂಡಿರಬಹುದು. ಪಾಸ್‌ವರ್ಡ್ ಮ್ಯಾನೇಜರ್ ನೋಡೋದು ಡೊಮೇನ್ ಹೆಸರನ್ನು, ಮಾಲೀಕರನ್ನಲ್ಲ. ಹೊಸ ಮಾಲೀಕ ಒಂದು ಲಾಗಿನ್ ಪುಟ ಇಟ್ಟರೆ ಅದು ನಿಮ್ಮ ಹಳೇ ಪಾಸ್‌ವರ್ಡನ್ನು ತುಂಬೋಕೆ ಮುಂದೆ ಬರುತ್ತೆ. ಹಾಗಾಗಿ ಹಳೇ ಮೇಲ್‌ನ ಲಿಂಕ್ ಒತ್ತಬೇಡಿ. ವಿಳಾಸ ಕೈಯಾರೆ ಟೈಪ್ ಮಾಡಿ, ಸೈಟು ಮೊದಲಿನದೇನಾ ಅಂತ ನೋಡಿ. ಜೂಜಿನದೋ ಸಾಲದ್ದೋ ಜಾಹೀರಾತು ತುಂಬಿದ್ದರೆ ಅಲ್ಲಿಗೇ ಬಿಡಿ. ಅದೇ ಪಾಸ್‌ವರ್ಡ್ ಬೇರೆಲ್ಲಾದರೂ ಇದ್ದರೆ ಅಲ್ಲಿ ಬದಲಾಯಿಸಿ.

ಇಷ್ಟಾದ ಮೇಲೆ ಯಾವುದು ಇರಬೇಕು, ಯಾವುದು ಹೋಗಬೇಕು ಅನ್ನೋದು ನಿಮ್ಮಿಷ್ಟ. ಕ್ರಮ ಮಾತ್ರ ಆ ಕೊನೆಯ ಕಾಲಂ ನೋಡಿಕೊಂಡೇ ಇರಲಿ: ಅದು ಖಾಲಿ ಇರುವ ಸಾಲುಗಳು ಮೊದಲು, ಅವುಗಳಲ್ಲಿ ಗೂಗಲ್ ಮತ್ತು ಫೇಸ್‌ಬುಕ್ ಲಾಗಿನ್ ನಂಬಿದವು ಆಮೇಲೆ, ಹಳೇ ಮೇಲ್‌ಬಾಕ್ಸ್ ಎಲ್ಲಕ್ಕಿಂತ ಕೊನೆಗೆ. ನನ್ನ ಯಾಹೂ ಮುಂದೆ ಇನ್ನೂ ಎರಡು ಹೆಸರಿವೆ, ಹಾಗಾಗಿ ಅದು ಸದ್ಯಕ್ಕೆ ಇರುತ್ತೆ.