ಡಿಪ್ಲೊಮಾ ದಾರಿಯಲ್ಲಿ ಒಂದು ವರ್ಷ ಉಳಿಯುತ್ತಾ?

"ಡಿಪ್ಲೊಮಾ ಮಾಡಿ ಸೀದಾ ಎರಡನೇ ವರ್ಷದ ಬಿಇಗೆ ಸೇರಿದ್ರೆ ಒಂದು ವರ್ಷ ಉಳಿಯುತ್ತಂತೆ, ನಿಜಾನಾ?"

ಇಲ್ಲ. ಎಸ್ಸೆಸ್ಸೆಲ್ಸಿಯಿಂದ ಲೆಕ್ಕ ಹಾಕಿ. ಪಿಯುಸಿ 2 ವರ್ಷ, ಬಿಇ 4, ಒಟ್ಟು 6. ಡಿಪ್ಲೊಮಾ 3, ಬಿಇ 3, ಅದೂ 6. ಈ ಮಾತು ಬಿಇ ವರ್ಷಗಳನ್ನಷ್ಟೇ ಎಣಿಸುತ್ತದೆ, ಹಾಗಾಗಿ ನಂಬುವವರ ತಪ್ಪೇನಿಲ್ಲ. ಪಿಯುಸಿ ಮುಗಿಸಿ ಆಮೇಲೆ ಡಿಪ್ಲೊಮಾಗೆ ಹೋದರೆ ಮಾತ್ರ ಜಾಸ್ತಿ ವರ್ಷ ಹಿಡಿಯುತ್ತದೆ.

ಉಳಿಯುವುದು ದುಡ್ಡು. ಸರ್ಕಾರಿ ಪಾಲಿಟೆಕ್ನಿಕ್ ಫೀಸು ವರ್ಷಕ್ಕೆ ಕೆಲವೇ ಸಾವಿರ. ಬೆಂಗಳೂರಿನ ಖಾಸಗಿ ಪಿಯು ಕಾಲೇಜು, ಜೊತೆಗೆ ಸಿಇಟಿ ಕೋಚಿಂಗ್ ಅಂದ್ರೆ ಲಕ್ಷ ದಾಟುವುದು ಸುಲಭ. ಬಿಇ ಫೀಸೂ ಒಂದು ವರ್ಷದ್ದು ಕಮ್ಮಿ. ಮಧ್ಯದಲ್ಲಿ ಓದು ನಿಲ್ಲಿಸಬೇಕಾಗಿ ಬಂದರೂ ಕೈಯಲ್ಲಿ ಡಿಪ್ಲೊಮಾ ಇರುತ್ತದೆ, ಜೂನಿಯರ್ ಇಂಜಿನಿಯರ್ ಹುದ್ದೆಗಳಿಗೆ ಅರ್ಜಿ ಹಾಕಬಹುದು.

ತೊಡಕಿರುವುದು ಸೀಟಿನಲ್ಲಿ. ಹೀಗೆ ಸೀದಾ ಎರಡನೇ ವರ್ಷಕ್ಕೆ ಸೇರುವ ಲ್ಯಾಟರಲ್ ಎಂಟ್ರಿಗೆ ಸಿಗುವುದು ಮಂಜೂರಾದ ಸೀಟುಗಳ ಶೇ. 10ರಷ್ಟು, ಜೊತೆಗೆ ಮೊದಲ ವರ್ಷ ಖಾಲಿ ಉಳಿದವು. ಅಂದರೆ 60 ಸೀಟಿನ ಬ್ರಾಂಚಿನಲ್ಲಿ 6. ಬೇಡಿಕೆಯ ಕಾಲೇಜಿನ ಕಂಪ್ಯೂಟರ್ ಸೈನ್ಸ್‌ನಲ್ಲಿ ಖಾಲಿ ಉಳಿಯುವುದೇ ಅಪರೂಪ, ಅಲ್ವಾ? ಗಣಿತವೂ ಕಷ್ಟ ಕೊಡುತ್ತದೆ, ಏಕೆಂದರೆ ಸೇರಿದ ಕೂಡಲೇ ಮೂರನೇ ಸೆಮಿಸ್ಟರ್. ಕ್ಲಾಸಿನ ಉಳಿದವರು ಎರಡು ಸೆಮಿಸ್ಟರ್ ಗಣಿತ ಮುಗಿಸಿರುತ್ತಾರೆ. ಕೊನೆಗೆ ಸಿಗುವ ಡಿಗ್ರಿ ಮಾತ್ರ ಅದೇ ಬಿಇ.

ನೀವೇ ನೋಡಬೇಕಾ? ಡಿಪ್ಲೊಮಾದವರು ಬಿಇ ಸೇರಲು ಬರೆಯುವ ಡಿಸಿಇಟಿ ಪರೀಕ್ಷೆಯ ಹೋದ ವರ್ಷದ ಸೀಟು ಪಟ್ಟಿ, ಕಟಾಫ್ ರ‍್ಯಾಂಕ್ ತೆಗೆಯಿರಿ. ನಿಮಗೆ ಬೇಕಾದ ಕಾಲೇಜು, ಬ್ರಾಂಚಿನ ಸಾಲು ಓದಿ. ಅದೇ ಬ್ರಾಂಚಿನ ಸಿಇಟಿ ಕಟಾಫನ್ನೂ ತೆಗೆದುಕೊಳ್ಳಿ, ಆದರೆ ಎರಡೂ ರ‍್ಯಾಂಕುಗಳನ್ನು ನೇರವಾಗಿ ಹೋಲಿಸಬೇಡಿ, ಪರೀಕ್ಷೆ ಬರೆಯುವವರ ಸಂಖ್ಯೆಯೇ ಬೇರೆ.